ಬ್ವೆನಾಸ್ ತಾರ್ದೆಸ್ ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಕ್ತಾಯ?

ರಾತ್ರಿಪಾಳಿ_ಕಾವ್ಯ
ನಾನು ಬೆಂಗಳೂರಿನಲ್ಲಿ ಗ್ರಾಹಕ ಸೇವೆಯ ಕೆಲಸದಲ್ಲಿದ್ದೇನೆ. ಸಂಜೆ ನಾಲ್ಕೂವರೆಗೆ ಪಾಳಿ ಆರಂಭ. ಮ್ಯಾಡ್ರಿಡ್, ಮೆಕ್ಸಿಕೋ ನಗರ, ಸಾವೋ ಪಾವ್ಲೋ, ಈ ಮೂರು ಊರುಗಳ ಕರೆಗಳು ನನ್ನ ಪಾಲಿನವು. ಹೊಸದಾಗಿ ಸೇರುವವರಿಗೆ ಕೊಡಲು ಒಂದು ಹಾಳೆ ತಯಾರಿಸಬೇಕಾಗಿದೆ: ಯಾವ ಹೊತ್ತಿಗೆ ಯಾವ ಊರಿಗೆ ಯಾವ ವಂದನೆ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಸಾಲು ಎಳೆದೆ. ಸ್ಪ್ಯಾನಿಷ್‌ನಲ್ಲಿ ತುಂಬಲು ಹೋದರೆ ಬ್ವೆನೋಸ್ ದಿಯಾಸ್, ಬ್ವೆನಾಸ್ ತಾರ್ದೆಸ್, ಬ್ವೆನಾಸ್ ನೋಚೆಸ್, ಅಷ್ಟೇ. ಪೋರ್ಚುಗೀಸ್‌ನಲ್ಲೂ ಬೊಂ ದಿಯಾ, ಬೋವಾ ತಾರ್ದೆ, ಬೋವಾ ನೋಯ್ತೆ. ಸಂಜೆಯ ಸಾಲು ಖಾಲಿ ಉಳಿಯಿತು.

ಇನ್ನೊಂದು ಗೊಂದಲ. ಮ್ಯಾಡ್ರಿಡ್‌ನ ಗ್ರಾಹಕರೊಬ್ಬರು ಅವರ ಮಧ್ಯಾಹ್ನ ಒಂದೂವರೆಗೆ ಕರೆ ಮಾಡಿ 'ಬ್ವೆನೋಸ್ ದಿಯಾಸ್' ಎಂದರು. ಅದೇ ರಾತ್ರಿ ಮೆಕ್ಸಿಕೋದವರು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೇ 'ಬ್ವೆನಾಸ್ ತಾರ್ದೆಸ್' ಎಂದರು. ಗೆರೆ ಎಲ್ಲಿ ಎಳೆಯಬೇಕು?

ಭಾಷಾಸಕ್ತ
ಇದರಲ್ಲಿ ಗೊಂದಲವೇ ಇಲ್ಲ. ನಾನು ಎರಡು ಹಂತದ ಸ್ಪ್ಯಾನಿಷ್ ಪರೀಕ್ಷೆ ಮುಗಿಸಿದ್ದೇನೆ. ಹನ್ನೆರಡರವರೆಗೆ ದಿಯಾಸ್, ಹನ್ನೆರಡರಿಂದ ಆರರವರೆಗೆ ತಾರ್ದೆಸ್, ಆರರ ನಂತರ ನೋಚೆಸ್. ಎಲ್ಲ ದೇಶಗಳಿಗೂ ಒಂದೇ ನಿಯಮ. ಮ್ಯಾಡ್ರಿಡ್‌ನವರು ಬಾಯಿತಪ್ಪಿ ಹೇಳಿರುತ್ತಾರೆ.

ಮಾನ್ಸನಾರೆಸ್_ದಂಡೆ
ಬಾಯಿತಪ್ಪಿ ಅಲ್ಲ ಸ್ವಾಮಿ. ಮ್ಯಾಡ್ರಿಡ್‌ನಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. ಇಲ್ಲಿ ಒಂದೂವರೆಗೆ ಬ್ವೆನೋಸ್ ದಿಯಾಸ್ ಎನ್ನುವುದು ದಿನನಿತ್ಯದ ಮಾತು.

ಸ್ಪೇನ್‌ನಲ್ಲಿ ತಾರ್ದೆ ಆರಂಭವಾಗುವುದು ಮಧ್ಯಾಹ್ನದ ಊಟದಿಂದ. ಊಟವೋ ಎರಡರಿಂದ ಮೂರೂವರೆಯ ನಡುವೆ. ಅಲ್ಲಿಯವರೆಗಿನ ಹೊತ್ತೆಲ್ಲ ಅವರ ಲೆಕ್ಕಕ್ಕೆ ಬೆಳಗಿನ ಬಾಲ. ನಮ್ಮ ಬೀದಿಯ ಬ್ರೆಡ್ ಅಂಗಡಿಯಲ್ಲಿ ಒಂದು ಗಂಟೆಯ ಮೇಲೆ ಒಬ್ಬರು 'ದಿಯಾಸ್' ಎಂದು ಒಳಗೆ ಬಂದರೆ ಇನ್ನೊಬ್ಬರು 'ತಾರ್ದೆಸ್' ಎನ್ನುತ್ತಾರೆ. ಆಗ ಗಲ್ಲೆಯ ಹಿಂದಿನ ಅಜ್ಜಿ 'ಊಟ ಆಗಿದ್ದರೆ ತಾರ್ದೆಸ್, ಇಲ್ಲದಿದ್ದರೆ ದಿಯಾಸ್' ಎಂದು ತೀರ್ಪು ಕೊಡುತ್ತಾರೆ. ಇದು ಇಲ್ಲಿ ಎಲ್ಲರೂ ಆಡುವ ಹಳೆಯ ತಮಾಷೆ.

ಇನ್ನು ಆರರ ನಂತರ ನೋಚೆಸ್ ಎಂಬುದು ಇಲ್ಲಿ ನಡೆಯುವುದೇ ಇಲ್ಲ. ಜೂನ್ ಕೊನೆಯಲ್ಲಿ ಮ್ಯಾಡ್ರಿಡ್‌ನ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಮುಕ್ಕಾಲರ ಹೊತ್ತಿಗೆ. ಎಂಟೂವರೆಗೆ ಕಣ್ಣಿಗೆ ರಾಚುವ ಬಿಸಿಲಿರುವಾಗ 'ಶುಭರಾತ್ರಿ' ಎಂದರೆ ಯಾರಾದರೂ ಮುಖ ನೋಡುತ್ತಾರೆ.

ಧಾರವಾಡದ_ಗಿರೀಶ
ನಮ್ಮ ಮುತ್ತ್ಯಾ ಹತ್ತೂವರೆಗೇ ಊಟ ಮುಗಿಸಿ ಹೊಲಕ್ಕೆ ಹೋಗುತ್ತಿದ್ದರು. ಅವರು ಸ್ಪೇನ್‌ಗೆ ಹೋಗಿದ್ದರೆ ಹತ್ತೂವರೆಯಿಂದಲೇ ತಾರ್ದೆಸ್ ಅಂತಾಯಿತು.

ಭಾಷಾಸಕ್ತ
ಹಾಗಾದರೆ ಪಠ್ಯಪುಸ್ತಕ ಬರೆದವರು ಸುಳ್ಳು ಬರೆದರೇ? ಕಾವ್ಯ ಅವರೇ ಹೇಳಿದ್ದಾರೆ, ಮೆಕ್ಸಿಕೋದವರು ಹನ್ನೆರಡು ದಾಟಿದೊಡನೆ ತಾರ್ದೆಸ್ ಎಂದರು ಎಂದು.

ಮಾನ್ಸನಾರೆಸ್_ದಂಡೆ
ಸುಳ್ಳಲ್ಲ, ನಿಮ್ಮ ಹನ್ನೆರಡರ ಗೆರೆ ಮೆಕ್ಸಿಕೋಗೆ ಸರಿಯಾಗಿದೆ. ನನ್ನ ಸಹೋದ್ಯೋಗಿ ಅಲ್ಲಿಯವರು. ಹನ್ನೆರಡು ಗಂಟೆ ಐದು ನಿಮಿಷಕ್ಕೆ 'ಬ್ವೆನೋಸ್ ದಿಯಾಸ್' ಎಂದರೆ 'ತಾರ್ದೆಸ್ ಈಗಾಗಲೇ' ಎಂದು ನಗುತ್ತಲೇ ತಿದ್ದುತ್ತಾರೆ. ಲ್ಯಾಟಿನ್ ಅಮೆರಿಕದ ಬಹುತೇಕ ಕಡೆ ಗಡಿಯಾರದ ಮಾತೇ ನಡೆಯುತ್ತದೆ. ಪುಸ್ತಕ ಸ್ಪೇನ್‌ನ ಊಟದ ತಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೇ.

ಸ್ಪೇನ್‌ನವರು ಹೀಗೇಕೆ ಎಂದರೆ, ಅರ್ಧ ತಪ್ಪು ಗಡಿಯಾರದ್ದು. ಭೂಪಟ ನೋಡಿ, ಸ್ಪೇನ್ ಇರುವುದು ಇಂಗ್ಲೆಂಡಿನ ಕೆಳಗೆ. ಆದರೆ 1940ರಲ್ಲಿ ಫ್ರಾಂಕೋ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿ ಬರ್ಲಿನ್ ಸಮಯಕ್ಕೆ ಹೊಂದಿಸಿತು. ಅದು ಇವತ್ತಿಗೂ ಹಾಗೆಯೇ ಉಳಿದಿದೆ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಹಾಗಾಗಿ ಜೂನ್‌ನಲ್ಲಿ ಮ್ಯಾಡ್ರಿಡ್‌ನ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರ ಎರಡೂಕಾಲು ತೋರಿಸುತ್ತದೆ. ಸೂರ್ಯನ ಪ್ರಕಾರ ನೋಡಿದರೆ ಒಂದೂವರೆಗೆ ಬ್ವೆನೋಸ್ ದಿಯಾಸ್ ಎಂದವರೇ ಸರಿ. ಅವರ ನೆತ್ತಿಯ ಮೇಲೆ ಇನ್ನೂ ಮಧ್ಯಾಹ್ನವೇ ಆಗಿಲ್ಲ!

ಹಳೇ_ಪಂಚಾಂಗ
ಹಾಗಾದರೆ ಪಕ್ಕದ ಪೋರ್ಚುಗಲ್‌ನ ಕಥೆಯೇನು? ಅವರೂ ಬರ್ಲಿನ್ ಸಮಯವೇ?

ಮಾನ್ಸನಾರೆಸ್_ದಂಡೆ
ಇಲ್ಲ, ಲಿಸ್ಬನ್ ಲಂಡನ್ನಿನ ಸಮಯದಲ್ಲಿದೆ. ಗಡಿಯಲ್ಲಿ ಮಿನ್ಯೋ ನದಿಯ ಸೇತುವೆಯ ಆ ಕಡೆ ಸ್ಪೇನ್‌ನ ತುಯಿ, ಈ ಕಡೆ ಪೋರ್ಚುಗಲ್‌ನ ವಲೆನ್ಸಾ. ನಡೆದುಕೊಂಡೇ ದಾಟಬಹುದು. ತುಯಿಯಲ್ಲಿ ಒಂದೂವರೆ ಆಗಿರುವಾಗ ವಲೆನ್ಸಾದಲ್ಲಿ ಹನ್ನೆರಡೂವರೆ. ವಲೆನ್ಸಾದವರು ಊಟಕ್ಕೆ ಏಳುವ ಹೊತ್ತು ಅದು, ಅಲ್ಲಿಂದ ಬೋವಾ ತಾರ್ದೆ. ತುಯಿಯಲ್ಲಿ ಊಟಕ್ಕೆ ಇನ್ನೂ ಹೊತ್ತಿದೆ, ದಿಯಾಸ್ ಮುಂದುವರಿದಿರುತ್ತದೆ. ಗಡಿಯಾರ ಹಿಂದಿರುವ ಊರಿನಲ್ಲೇ ವಂದನೆ ಮುಂದೆ ಹೋಗಿರುತ್ತದೆ.

ಶುದ್ಧನುಡಿ_ಸುಬ್ಬಣ್ಣ
'ಗುಡ್ ಆಫ್ಟರ್‌ನೂನ್'ಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದ್ದೀರಿ. ದಯವಿಟ್ಟು 'ಶುಭ ಮಧ್ಯಾಹ್ನ' ಎನ್ನಬೇಡಿ. ಅದು ಇಂಗ್ಲಿಷಿನ ಪಡಿಯಚ್ಚು. ನಮ್ಮ ಹಿರಿಯರಲ್ಲಿ ಯಾರೂ ಯಾರಿಗೂ ಮಧ್ಯಾಹ್ನದ ಶುಭ ಕೋರಿದ್ದಿಲ್ಲ. ನಮಸ್ಕಾರ ಒಂದೇ ಸಾಕು, ಮೂರು ಹೊತ್ತಿಗೂ ಸಲ್ಲುತ್ತದೆ.

ರಾತ್ರಿಪಾಳಿ_ಕಾವ್ಯ
ಸರ್, ನಾನು ಕೇಳಿದ್ದು ಅದಲ್ಲ. ಮ್ಯಾಡ್ರಿಡ್‌ನವರಿಗೆ ನಾನು ಕನ್ನಡದಲ್ಲಿ ಶುಭ ಕೋರುತ್ತಿಲ್ಲ :)

ಶುದ್ಧನುಡಿ_ಸುಬ್ಬಣ್ಣ
ಕೋರಿದರೆ ತಪ್ಪೇನು?

ಪೌಲಿಸ್ತಾ_ಕನ್ನಡತಿ
ಸುಬ್ಬಣ್ಣನವರ ಮಾತನ್ನು ತಳ್ಳಿಹಾಕಬೇಡಿ, ಕಾವ್ಯ ಅವರ ನಾಲ್ಕು ಸಾಲಿನ ತೊಡಕಿಗೂ ಅದಕ್ಕೂ ಸಂಬಂಧವಿದೆ. ನಮ್ಮಲ್ಲಿ ಹೊತ್ತುಗಳು ನಾಲ್ಕು, ನಿಜ. ಆದರೆ ಹೊತ್ತಿಗೊಂದು ವಂದನೆ ನಮ್ಮಲ್ಲಿ ಇರಲಿಲ್ಲ. ಶುಭೋದಯ, ಶುಭ ಸಂಜೆ ಎಲ್ಲ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಗಳು. ಅದನ್ನೇ ತಂದು ಪೋರ್ಚುಗೀಸಿಗೆ ತೊಡಿಸಲು ಹೋದರೆ ಸಂಜೆಯ ತೋಳು ಜೋತಾಡುತ್ತದೆ.

ನಾನು ಸಾವೋ ಪಾವ್ಲೋದಲ್ಲಿದ್ದೇನೆ. ಇಲ್ಲಿ ಲೆಕ್ಕ ಹೀಗೆ: ಹನ್ನೆರಡರವರೆಗೆ ಬೊಂ ದಿಯಾ, ಆಮೇಲೆ ಬೋವಾ ತಾರ್ದೆ, ಆರು ಗಂಟೆಗೋ ಕತ್ತಲಾದೊಡನೆಯೋ ಬೋವಾ ನೋಯ್ತೆ. ಊಟ ತಡವಾದವರು ಹನ್ನೆರಡೂವರೆಗೆ 'ನನಗಿನ್ನೂ ಬೊಂ ದಿಯಾನೇ, ಊಟ ಆಗಿಲ್ಲ' ಎನ್ನುವುದು ಇಲ್ಲಿಯೂ ಉಂಟು, ಆದರೆ ಅದು ತಮಾಷೆಗೆ ಮಾತ್ರ. ಸ್ಪೇನ್‌ನಂತೆ ನಿಜಕ್ಕೂ ಎರಡರವರೆಗೆ ಎಳೆಯುವುದಿಲ್ಲ.

ಈಶಾನ್ಯದ ರೆಸೀಫೆಗೆ ಹೋದರೆ ಇನ್ನೂ ಬೇಗ. ದೇಶದ ಪೂರ್ವದ ಅಂಚು ಅದು, ಸಮಭಾಜಕಕ್ಕೂ ಹತ್ತಿರ. ವರ್ಷವಿಡೀ ಸಂಜೆ ಐದು, ಐದೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮ್ಯಾಡ್ರಿಡ್‌ನಲ್ಲಿ ಬಿಸಿಲು ಕಾಯುತ್ತಾ ತಾರ್ದೆಸ್ ಎನ್ನುವ ಗಂಟೆಗೆ ಇಲ್ಲಿ ನೋಯ್ತೆ ಆರಂಭವಾಗಿ ಎರಡು ಗಂಟೆ ಕಳೆದಿರುತ್ತದೆ.

ಮುಖ್ಯವಾದ ಇನ್ನೊಂದು ಮಾತು. 'ಬೋವಾ ನೋಯ್ತೆ'ಯನ್ನು 'ಶುಭರಾತ್ರಿ' ಎಂದು ಬರೆಯಬೇಡಿ. ಶುಭರಾತ್ರಿ ಎಂದರೆ ನಾವು ಮಲಗಲು ಹೊರಟೆವು, ಮಾತು ಮುಗಿಯಿತು. ಬೋವಾ ನೋಯ್ತೆ ಬಂದವರಿಗೂ ಹೌದು, ಹೊರಟವರಿಗೂ ಹೌದು. ಇಲ್ಲಿನ ರಾತ್ರಿ ಎಂಟೂವರೆಯ 'ಜೊರ್ನಾಲ್ ನಾಸಿಯೋನಾಲ್' ವಾರ್ತೆಯಲ್ಲಿ ನಿರೂಪಕರು ಅದನ್ನೇ ಹೇಳಿ ಆರಂಭಿಸಿ ಅದನ್ನೇ ಹೇಳಿ ಮುಗಿಸುತ್ತಾರೆ. ನಮ್ಮ ಕನ್ನಡ ವಾಹಿನಿಯಲ್ಲಿ 'ಶುಭರಾತ್ರಿ ವೀಕ್ಷಕರೇ' ಎಂದು ವಾರ್ತೆ ಆರಂಭಿಸಿದರೆ ಜನ ಟಿ.ವಿ. ಆರಿಸಿ ಮಲಗುತ್ತಾರೆ.

ಧಾರವಾಡದ_ಗಿರೀಶ
ಕೆಲವು ವಾಹಿನಿಗಳು ಹಾಗೆ ಆರಂಭಿಸಿದರೆ ಒಳ್ಳೆಯದೇ.

ರಾತ್ರಿಪಾಳಿ_ಕಾವ್ಯ
ಕನ್ನಡತಿ ಅಕ್ಕ, ಇದು ನಿಜಕ್ಕೂ ಉಪಯೋಗಕ್ಕೆ ಬಂತು. ನಮ್ಮ ಹೊಸ ಹುಡುಗರು ಕರೆ ಎತ್ತಿದೊಡನೆ 'ಬೋವಾ ನೋಯ್ತೆ' ಹೇಳಲು ಹಿಂಜರಿಯುತ್ತಾರೆ. ಫೋನ್ ಇಡುವಾಗ ಹೇಳುವ ಮಾತು ಎಂಬ ಅಳುಕು ಅವರಿಗೆ.

ಕಡಲತೀರದವಳು
ಮಂಗಳೂರಿನ ಕ್ಯಾಥೊಲಿಕ್ ಮನೆಯಿಂದ ಒಂದು ಮಾತು. ನಮ್ಮ ಕೊಂಕಣಿಯಲ್ಲಿ ಹೊತ್ತಿಗೆ ತಕ್ಕ ವಂದನೆ ಇದೆ. ಬೆಳಿಗ್ಗೆ 'ದೇವ್ ಬೊರೊ ದೀಸ್ ದಿಂವ್', ರಾತ್ರಿ 'ದೇವ್ ಬೊರಿ ರಾತ್ ದಿಂವ್'. ದೇವರು ಒಳ್ಳೆಯ ದಿನ ಕೊಡಲಿ, ಒಳ್ಳೆಯ ರಾತ್ರಿ ಕೊಡಲಿ ಎಂದು. ನನ್ನ ಅಜ್ಜಿ ಸಂಜೆಯ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ಹಿರಿಯರಿಂದ ಹಿಡಿದು ಎಲ್ಲರಿಗೂ ಸಾಲಾಗಿ ಹೇಳಿಸುತ್ತಿದ್ದರು. ಕರ್ನಾಟಕದಲ್ಲಿ ಯಾರೂ ಹೊತ್ತಿನ ಶುಭ ಕೋರುತ್ತಿರಲಿಲ್ಲ ಎಂಬುದನ್ನು ಸುಬ್ಬಣ್ಣನವರು ಸ್ವಲ್ಪ ತಿದ್ದಿಕೊಳ್ಳಲಿ.

ಶುದ್ಧನುಡಿ_ಸುಬ್ಬಣ್ಣ
ಅದು ಕೊಂಕಣಿ ತಾಯಿ, ನಾನು ಹೇಳಿದ್ದು ಕನ್ನಡದ ಬಗ್ಗೆ. ಅದೂ ಗೋವೆಯ ಪಾದ್ರಿಗಳು ಪೋರ್ಚುಗೀಸಿನಿಂದ ತಂದದ್ದೇ ಇರಬೇಕು.

ಕಡಲತೀರದವಳು
ಇರಬಹುದು, ಇಲ್ಲದೆಯೂ ಇರಬಹುದು. ದೇವರು ಒಳ್ಳೆಯದು ಮಾಡಲಿ ಎನ್ನಲು ಯಾರೂ ಲಿಸ್ಬನ್ನಿನಿಂದ ಬಂದು ಕಲಿಸಬೇಕಿಲ್ಲ. ಧನ್ಯವಾದಕ್ಕೂ ನಾವು 'ದೇವ್ ಬೊರೆಂ ಕರುಂ' ಎನ್ನುತ್ತೇವೆ.

ಮಾನ್ಸನಾರೆಸ್_ದಂಡೆ
ಕಡಲತೀರದವರೇ, ನಿಮ್ಮ ಅಜ್ಜಿಯ ವಾಕ್ಯಕ್ಕೆ ಸ್ಪ್ಯಾನಿಷ್‌ನಲ್ಲಿ ತದ್ರೂಪ ಒಂದಿದೆ. ಹಳೆಯ ಕಾಲದವರು 'ಬ್ವೆನೋಸ್ ದಿಯಾಸ್ ನೋಸ್ ದೆ ದಿಯೋಸ್' ಎನ್ನುತ್ತಿದ್ದರು, ದೇವರು ನಮಗೆ ಒಳ್ಳೆಯ ದಿನಗಳನ್ನು ಕೊಡಲಿ ಎಂದು. ಕೊನೆಯ ದೇವರು ಉದುರಿ ಮೊದಲಿನ ದಿನಗಳು ಮಾತ್ರ ಉಳಿದವು. ಸ್ಪ್ಯಾನಿಷ್‌ನಲ್ಲಿ ವಂದನೆ ಬಹುವಚನದಲ್ಲಿರುವುದಕ್ಕೆ ಇದೇ ಕಾರಣ ಎಂದು ಹಲವರು ಹೇಳುತ್ತಾರೆ. ಒಂದು ದಿನವಲ್ಲ, ಮುಂದಿನ ದಿನಗಳೆಲ್ಲ ಒಳ್ಳೆಯವಾಗಲಿ ಎಂದು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಸ್ಪ್ಯಾನಿಷ್ ಮರ್ಯಾದೆಯ ಮಾತುಗಳೆಲ್ಲ ಬಹುವಚನವನ್ನೇ ಇಷ್ಟಪಡುತ್ತವೆ: ಥ್ಯಾಂಕ್ಸ್‌ಗೆ ಗ್ರಾಸಿಯಾಸ್, ಅಭಿನಂದನೆಗೆ ಫೆಲಿಸಿದಾದೆಸ್. ನಾವು ಒಬ್ಬರೇ ಇದ್ದರೂ 'ಬನ್ನಿ, ಕುಳಿತುಕೊಳ್ಳಿ' ಎನ್ನುವುದಿಲ್ಲವೇ, ಹಾಗೆ.

ಭಾಷಾಸಕ್ತ
ಪೋರ್ಚುಗೀಸ್‌ನಲ್ಲಿ ಏಕವಚನ. ಅವರಿಗೆ ಮರ್ಯಾದೆ ಇಲ್ಲವೇ?

ಪೌಲಿಸ್ತಾ_ಕನ್ನಡತಿ
ಲಿಫ್ಟಿನಲ್ಲಿ ಗುರುತಿಲ್ಲದವರಿಗೂ ಬೊಂ ದಿಯಾ ಹೇಳದೆ ಒಳಗೆ ಕಾಲಿಡದ ಜನ ಇವರು. ನಮ್ಮ ಅಪಾರ್ಟ್‌ಮೆಂಟುಗಳ ಲಿಫ್ಟಿನಲ್ಲಿ ಎಲ್ಲರೂ ಅಂಕಿಗಳನ್ನೇ ನೋಡುತ್ತಾ ನಿಲ್ಲುತ್ತೇವೆ. ಮರ್ಯಾದೆಯ ಮಾತು ಬಿಡಿ. ಏಕವಚನ, ಬಹುವಚನ ಬೇರೆ, ಅಷ್ಟೇ.

ಅಂದ ಹಾಗೆ ಅರ್ಜೆಂಟೀನಾದವರು ಸ್ಪ್ಯಾನಿಷ್‌ನಲ್ಲೇ 'ಬ್ವೆನ್ ದಿಯಾ' ಎಂದು ಏಕವಚನದಲ್ಲಿ ಹೇಳುತ್ತಾರೆ. ಆದರೆ ತಾರ್ದೆಸ್, ನೋಚೆಸ್ ಬಂದಾಗ ಮತ್ತೆ ಬಹುವಚನ. ಯಾಕೆ ಎಂದು ನನ್ನನ್ನು ಕೇಳಬೇಡಿ.

ಹೊಸ_ವಿದ್ಯಾರ್ಥಿ
ನಾನು ಯಾವಾಗಲೂ 'ಬ್ವೆನಾಸ್ ದಿಯಾಸ್' ಎಂದು ಬರೆದು ಅಂಕ ಕಳೆದುಕೊಳ್ಳುತ್ತೇನೆ. ದಿಯಾ 'ಆ'ಕಾರಾಂತ ಅಲ್ಲವೇ, ಸ್ತ್ರೀಲಿಂಗ ಆಗಬೇಕಲ್ಲವೇ?

ಪೌಲಿಸ್ತಾ_ಕನ್ನಡತಿ
ಆಗಬೇಕಿತ್ತು, ಆಗಿಲ್ಲ. ಎರಡೂ ಭಾಷೆಗಳಲ್ಲಿ ದಿಯಾ ಪುಲ್ಲಿಂಗ, ತಾರ್ದೆ ಮತ್ತು ರಾತ್ರಿ ಸ್ತ್ರೀಲಿಂಗ. ಹಾಗಾಗಿ ಬೊಂ ದಿಯಾ, ಆದರೆ ಬೋವಾ ತಾರ್ದೆ. ಕನ್ನಡದಲ್ಲಿ ಹಗಲಿಗೂ ಸಂಜೆಗೂ ನಪುಂಸಕ ಲಿಂಗವೇ ಆದ್ದರಿಂದ ನಮಗೆ ಕಿವಿಯಲ್ಲಿ ಎಚ್ಚರಿಕೆಯ ಗಂಟೆ ಹೊಡೆಯುವುದಿಲ್ಲ. 'ಬೊಂ ತಾರ್ದೆ' ಎಂದರೆ ಇಲ್ಲಿಯವರಿಗೆ ಅರ್ಥವಾಗುತ್ತದೆ, ಆದರೆ ಹೊರಗಿನವರು ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಜೋಡಿಯಾಗಿಯೇ ಬಾಯಿಪಾಠ ಮಾಡಿ, ಒಡೆಯಬೇಡಿ.

ಉಚ್ಚಾರದಲ್ಲಿ ನಮಗೆ ಲಾಭವಿದೆ. ಸ್ಪ್ಯಾನಿಷ್‌ನ ತಾರ್ದೆಸ್‌ನಲ್ಲಿರುವುದು ನಮ್ಮ ಹಲ್ಲಿನ 'ತ', 'ದ'. ಇಂಗ್ಲಿಷ್ ಅಭ್ಯಾಸದಲ್ಲಿ 'ಟಾರ್ಡೆಸ್' ಎನ್ನಬೇಡಿ. ಸಾವೋ ಪಾವ್ಲೋದಲ್ಲಿ ಮಾತ್ರ 'ದಿಯಾ' ಎಂಬುದು 'ಜೀಯ' ಎಂದೂ 'ನೋಯ್ತೆ' ಎಂಬುದು 'ನೋಯ್ಚಿ' ಎಂದೂ ಕೇಳಿಸುತ್ತದೆ. ಫೋನಿನಲ್ಲಿ ಮೊದಲ ಸಲ ಕೇಳಿದವರು ಬೇರೆ ಯಾವುದೋ ಮಾತು ಎಂದುಕೊಳ್ಳುತ್ತಾರೆ.

ಹಳೇ_ಪಂಚಾಂಗ
ಎಲ್ಲರೂ ಅತ್ತಿತ್ತ ಹೋದಿರಿ, ಆ ಹುಡುಗಿಯ ಹಾಳೆ ಖಾಲಿಯೇ ಇದೆ. ನಾನು ಲೆಕ್ಕ ಹಾಕಿದ್ದೇನೆ.

ಭಾರತದ ಗಡಿಯಾರ ಸಾವೋ ಪಾವ್ಲೋಗಿಂತ ಎಂಟೂವರೆ ಗಂಟೆ ಮುಂದೆ, ಮೆಕ್ಸಿಕೋ ನಗರಕ್ಕಿಂತ ಹನ್ನೊಂದೂವರೆ ಗಂಟೆ ಮುಂದೆ. ಬ್ರೆಜಿಲ್ 2019ರಲ್ಲಿ ಬೇಸಿಗೆ ಸಮಯವನ್ನು ಕೈಬಿಟ್ಟಿತು, ಮೆಕ್ಸಿಕೋದ ಬಹುಭಾಗ 2022ರಲ್ಲಿ ಬಿಟ್ಟಿತು. ಆದ್ದರಿಂದ ಈ ಎರಡು ಊರುಗಳ ಗೆರೆ ವರ್ಷವಿಡೀ ಅಲುಗಾಡದು. ನಿಮ್ಮ ಮೇಜಿನ ಗಡಿಯಾರದಲ್ಲಿ ರಾತ್ರಿ ಎಂಟೂವರೆ ಹೊಡೆದಾಗ ಬ್ರೆಜಿಲ್‌ನಲ್ಲಿ ಬೊಂ ದಿಯಾ ಹೋಗಿ ಬೋವಾ ತಾರ್ದೆ. ಹನ್ನೊಂದೂವರೆಗೆ ಮೆಕ್ಸಿಕೋದಲ್ಲಿ ದಿಯಾಸ್ ಹೋಗಿ ತಾರ್ದೆಸ್. ಎರಡು ಗೆರೆ ಎಳೆದರೆ ಆ ಎರಡು ಊರು ಮುಗಿಯಿತು.

ಅಲುಗಾಡುವುದು ಮ್ಯಾಡ್ರಿಡ್. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ವ್ಯತ್ಯಾಸ ಮೂರೂವರೆ ಗಂಟೆ, ಉಳಿದ ತಿಂಗಳು ನಾಲ್ಕೂವರೆ. ನಿಮ್ಮ ರಾತ್ರಿ ಹನ್ನೆರಡೂವರೆಯನ್ನು ತೆಗೆದುಕೊಳ್ಳಿ. ಮೆಕ್ಸಿಕೋದಲ್ಲಿ ಮಧ್ಯಾಹ್ನ ಒಂದು, ಸಾವೋ ಪಾವ್ಲೋದಲ್ಲಿ ನಾಲ್ಕು; ಎರಡೂ ಕಡೆ ತಾರ್ದೆ, ಅನುಮಾನವಿಲ್ಲ. ಮ್ಯಾಡ್ರಿಡ್‌ನಲ್ಲಿ ಜೂನ್ ಆದರೆ ರಾತ್ರಿ ಒಂಬತ್ತು, ಬಿಸಿಲಿದೆ. ಡಿಸೆಂಬರ್ ಆದರೆ ಎಂಟು, ಕತ್ತಲಾಗಿ ಎರಡು ಗಂಟೆ ಆಗಿದೆ. ಒಂದೇ ಪಾಳಿ, ಒಂದೇ ಕುರ್ಚಿ, ಆರು ತಿಂಗಳ ಅಂತರದಲ್ಲಿ ವಂದನೆ ಬದಲು. ನಿಮ್ಮ ಹಾಳೆಗೆ ಮ್ಯಾಡ್ರಿಡ್ ಮಟ್ಟಿಗೆ ಎರಡು ಪ್ರತಿ ಬೇಕು.

ರಾತ್ರಿಪಾಳಿ_ಕಾವ್ಯ
ನನ್ನ ಗಡಿಯಾರದಿಂದಲೇ ಲೆಕ್ಕ ಹಾಕಬಹುದು ಎಂಬುದು ಹೊಳೆದೇ ಇರಲಿಲ್ಲ. ಎಂಟೂವರೆ, ಹನ್ನೊಂದೂವರೆ, ಗೋಡೆಗೆ ಅಂಟಿಸುತ್ತೇನೆ. ಸಂಜೆಯ ಸಾಲನ್ನು ಅಳಿಸಿದೆ. ನಮ್ಮ ಮಧ್ಯಾಹ್ನ, ಸಂಜೆ ಎರಡನ್ನೂ ಸೇರಿಸಿ ತಾರ್ದೆ ಎಂದು ಬರೆದಿದ್ದೇನೆ. ಸರಿಯೇ?

ಮಾನ್ಸನಾರೆಸ್_ದಂಡೆ
ಮ್ಯಾಡ್ರಿಡ್‌ಗೆ ಸರಿ. ಸಾವೋ ಪಾವ್ಲೋಗೆ ನಮ್ಮ ಸಂಜೆಯ ಕೊನೆಯ ತುಂಡನ್ನು ಕತ್ತರಿಸಿ ನೋಯ್ತೆಗೆ ಕೊಡಿ. ನಾವು ಏಳು ಗಂಟೆಗೂ ಸಂಜೆ ಎನ್ನುತ್ತೇವೆ, ಅಲ್ಲಿ ಏಳಕ್ಕೆ ಬೋವಾ ತಾರ್ದೆ ನಡೆಯದು.

ಗುಬ್ಬಚ್ಚಿ
ಮಿಂಚಂಚೆಯಲ್ಲಿ ಏನು ಮಾಡಬೇಕು? ನಾನು ಬರೆಯುವಾಗ ಅವರಿಗೆ ಬೆಳಿಗ್ಗೆ, ಓದುವಾಗ ಮಧ್ಯಾಹ್ನ.

ಪೌಲಿಸ್ತಾ_ಕನ್ನಡತಿ
ಕಳುಹಿಸುವ ಕ್ಷಣದಲ್ಲಿ ಅವರ ಊರಿನಲ್ಲಿ ಯಾವ ಹೊತ್ತೋ ಅದನ್ನೇ ಬರೆಯಿರಿ. ತಡವಾಗಿ ಓದಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೇಡವೆನಿಸಿದರೆ ಬ್ರೆಜಿಲ್‌ಗೆ 'ಒಲಾ, ತುದೊ ಬೆಂ?' ಎಂದು ಆರಂಭಿಸಿ, ಹೊತ್ತಿನ ಗೊಡವೆಯೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಬೊಂ ದಿಯಾ ಇಲ್ಲದೆ ನೇರ ವಿಷಯಕ್ಕೆ ಬಂದರೆ ಒರಟು ಎನಿಸುತ್ತದೆ. ಹೂವು, ಸೂರ್ಯ, ಕಾಫಿ ಲೋಟದ ಬೊಂ ದಿಯಾ ಚಿತ್ರಗಳೂ ಇಲ್ಲಿನ ಕುಟುಂಬದ ಗುಂಪುಗಳಲ್ಲಿ ಬೆಳಗಾದರೆ ತಪ್ಪದೆ ಬರುತ್ತವೆ. ನಮ್ಮ ದೊಡ್ಡಮ್ಮನ ಶುಭೋದಯಕ್ಕೂ ನನ್ನ ಅತ್ತೆಯ ಬೊಂ ದಿಯಾಗೂ ಗುಲಾಬಿ ಒಂದೇ.

ಧಾರವಾಡದ_ಗಿರೀಶ
ಇಷ್ಟೆಲ್ಲ ಏಕೆ, 'ಬ್ವೆನಾಸ್' ಎಂದಷ್ಟೇ ಹೇಳಿದರೆ ಆಗುವುದಿಲ್ಲವೇ? ಸ್ಪ್ಯಾನಿಷ್ ಧಾರಾವಾಹಿಯೊಂದರಲ್ಲಿ ಎಲ್ಲರೂ ಹಾಗೆಯೇ ಬಾಗಿಲು ದೂಡಿಕೊಂಡು ಬರುತ್ತಾರೆ.

ಮಾನ್ಸನಾರೆಸ್_ದಂಡೆ
ಆಗುತ್ತದೆ, ಬೆಳಿಗ್ಗೆಗೂ ರಾತ್ರಿಗೂ ಸಲ್ಲುತ್ತದೆ. ಹೆಚ್ಚುಕಡಿಮೆ ನಿಮ್ಮ 'ಶರಣು' ಇದ್ದ ಹಾಗೆ. ಆದರೆ ಸಲುಗೆಯ ಮಾತು ಅದು. ಅಂಗಡಿಗೆ, ಜಿಮ್‌ಗೆ, ನೆರೆಮನೆಗೆ ಸರಿ. ಹಣ ಕಟ್ಟಿದ ಗ್ರಾಹಕ ದೂರು ಹೇಳಲು ಕರೆ ಮಾಡಿದಾಗ ಬೇಡ.

ಭಾಷಾಸಕ್ತ
ಡಿಸೆಂಬರ್ ಎಂಟು ಗಂಟೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಕತ್ತಲಾಗಿದೆ, ಹಾಗಾಗಿ ನೋಚೆಸ್. ಇಷ್ಟಾದರೂ ನನ್ನ ಪುಸ್ತಕ ಗೆಲ್ಲಲಿ.

ಮಾನ್ಸನಾರೆಸ್_ದಂಡೆ
ಪೂರ್ತಿ ಗೆಲ್ಲಿಸಲಾರೆ. ಇಲ್ಲಿ ರಾತ್ರಿಯ ಊಟ ಒಂಬತ್ತಕ್ಕೋ ಒಂಬತ್ತೂವರೆಗೋ. ಕತ್ತಲನ್ನು ನಂಬುವವರು ಎಂಟಕ್ಕೆ ನೋಚೆಸ್ ಎನ್ನುತ್ತಾರೆ, ಊಟವನ್ನು ನಂಬುವವರು ತಾರ್ದೆಸ್ ಎನ್ನುತ್ತಾರೆ. ನಮ್ಮ ಕಟ್ಟಡದ ಕಾವಲುಗಾರ ಎಂಟಕ್ಕೆ ತಾರ್ದೆಸ್, ಎದುರಿನ ಔಷಧಿ ಅಂಗಡಿಯವಳು ಅದೇ ಹೊತ್ತಿಗೆ ನೋಚೆಸ್. ಅವರು ಏನೆಂದರೋ ಅದನ್ನೇ ನಾನು ಮರಳಿ ಹೇಳುತ್ತೇನೆ. ಕಾವ್ಯ ಅವರ ಹುಡುಗರಿಗೂ ಆ ಗಂಟೆಯಲ್ಲಿ ಇದೇ ಸುಲಭ. ಕರೆ ಅವರದ್ದಾದರೆ ಮೊದಲು ಕಿವಿಗೊಡಿ.

ರಾತ್ರಿಪಾಳಿ_ಕಾವ್ಯ
ಕರೆ ಎತ್ತಿದವರೇ ಮೊದಲು ಮಾತಾಡಬೇಕು ಎಂಬುದು ನಮ್ಮಲ್ಲಿ ನಿಯಮ!

ಶುದ್ಧನುಡಿ_ಸುಬ್ಬಣ್ಣ
ನಮಸ್ಕಾರ ಎನ್ನಿ.